ಮನೆಯವರಿಗೆ ಕೀಮೋ ಶುರುವಾಗಲಿದೆ: ಮಗುವಿನ ಚಿಕನ್‌ಪಾಕ್ಸ್ ಲಸಿಕೆ ಈಗ ಹಾಕಿಸಬಹುದೇ?

ಕಿಟಕಿಪಕ್ಕ · ಮೇ 31, ಬೆಳಿಗ್ಗೆ 7.10

ನನ್ನ ಗಂಡನಿಗೆ 42 ವರ್ಷ. ಲಿಂಫೋಮಾ ಎಂದು ಗೊತ್ತಾಗಿ ಮೂರು ವಾರಗಳಾದವು. ಜೂನ್ 12ಕ್ಕೆ ಮೊದಲ ಕೀಮೋ, 21 ದಿನಕ್ಕೊಮ್ಮೆ ಒಟ್ಟು ಆರು ಸುತ್ತು. ಔಷಧಿಗಳ ಪಟ್ಟಿಯಲ್ಲಿ ರಿಟುಕ್ಸಿಮಾಬ್ ಇದೆ. ಪ್ರತಿ ಸುತ್ತಿನ ಮೊದಲ ಐದು ದಿನ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ 100 ಮಿಲಿಗ್ರಾಂ ಇದೆ.

ಮನೆಯಲ್ಲಿ ಇಬ್ಬರು ಮಕ್ಕಳು. ಚಿಕ್ಕವನಿಗೆ 14 ತಿಂಗಳು. ದಡಾರ-ಮಂಗನಬಾವು-ರುಬೆಲ್ಲಾದ್ದು ಮತ್ತು ಚಿಕನ್‌ಪಾಕ್ಸ್‌ನದು, ಎರಡೂ ಚುಚ್ಚುಮದ್ದು ಈ ವಾರವೇ ಬಾಕಿ. ದೊಡ್ಡವಳಿಗೆ ಐದು ವರ್ಷ. ಅವಳಿಗೆ ಚಿಕನ್‌ಪಾಕ್ಸ್‌ನ ಎರಡನೇ ಡೋಸ್ ಆಗಿಲ್ಲ, ಮುಂದಿನ ವಾರ ಶಾಲೆಯಲ್ಲಿ ಪೋಲಿಯೊ ಹನಿ ಹಾಕುತ್ತಾರಂತೆ.

ನನ್ನ ಓರಗಿತ್ತಿ ಹೇಳುತ್ತಾಳೆ, ಇವು ಜೀವಂತ ರೋಗಾಣುಗಳಿರುವ ಲಸಿಕೆಗಳು, ಮಗುವಿಗೆ ಹಾಕಿದರೆ ಅಪ್ಪನಿಗೆ ಹತ್ತುತ್ತದೆ, ಆರು ತಿಂಗಳು ಯಾರಿಗೂ ಏನೂ ಹಾಕಿಸಬೇಡ ಎಂದು. ಕೇಳಿದಾಗಿನಿಂದ ನಿದ್ದೆ ಇಲ್ಲ. ಕ್ಯಾನ್ಸರ್ ವೈದ್ಯರನ್ನು ಕಾಣಲು ಇನ್ನೂ ನಾಲ್ಕು ದಿನ ಇದೆ. ಇನ್ನೊಂದು ವಿಷಯ: ಇವರಿಗೆ ಬಾಲ್ಯದಲ್ಲಿ ಚಿಕನ್‌ಪಾಕ್ಸ್ ಬಂದಿತ್ತೋ ಇಲ್ಲವೋ ಹೇಳಬಲ್ಲವರು ಯಾರೂ ಉಳಿದಿಲ್ಲ. ಬಂದಿಲ್ಲವಾದರೆ ಈ ಹನ್ನೆರಡು ದಿನಗಳಲ್ಲೇ ಇವರಿಗೂ ಲಸಿಕೆ ಹಾಕಿಸಿಬಿಡಬಹುದೇ?

ಲೆಕ್ಕಿಗ · ಬೆಳಿಗ್ಗೆ 8.02

ನಾನು ಓದಿಕೊಂಡಿರುವ ಪ್ರಕಾರ ನಿಯಮ ಸರಳ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚಿನ ಪ್ರೆಡ್ನಿಸೋಲೋನ್ ಅನ್ನು 14 ದಿನ ಅಥವಾ ಹೆಚ್ಚು ತೆಗೆದುಕೊಂಡರೆ ಮಾತ್ರ ಜೀವಂತ ಲಸಿಕೆ ನಿಷಿದ್ಧ, ನಿಲ್ಲಿಸಿದ ಮೇಲೆ ಒಂದು ತಿಂಗಳು ಕಾಯಬೇಕು. ನಿಮ್ಮ ಯಜಮಾನರದು ಐದೇ ದಿನ. ಹಾಗಾಗಿ ಸುತ್ತುಗಳ ನಡುವೆ ಅವರಿಗೂ ಹಾಕಿಸಬಹುದು ಎನ್ನುವುದು ನನ್ನ ಲೆಕ್ಕ. ಮಕ್ಕಳ ವಿಷಯ ನನಗೆ ತಿಳಿಯದು.

ತಂಪುಪೆಟ್ಟಿಗೆ · ಬೆಳಿಗ್ಗೆ 9.30

ಲೆಕ್ಕಿಗ ಅವರೇ, ನೀವು ಹೇಳಿದ ಅಂಕಿ ಸರಿ, ಆದರೆ ಅದನ್ನು ಹಚ್ಚಿದ ಜಾಗ ಅಪಾಯಕಾರಿ. ಆ 20 ಮಿಲಿಗ್ರಾಂ-14 ದಿನದ ಗೆರೆ ಇರುವುದು ಸ್ಟೀರಾಯ್ಡ್ ಒಂದನ್ನೇ ತೆಗೆದುಕೊಳ್ಳುವವರಿಗೆ. ಇಲ್ಲಿ ಸ್ಟೀರಾಯ್ಡ್ ಇಡೀ ಮೆರವಣಿಗೆಯಲ್ಲಿ ಕೊನೆಯ ಸಾಲಿನವನು. ಮುಂದೆ ನಡೆಯುತ್ತಿರುವುದು ಕೀಮೋ ಔಷಧಿಗಳು, ಅದಕ್ಕಿಂತ ಮುಂದೆ, ಪ್ರತಿಕಾಯ ತಯಾರಿಗೆ ಬೇಕಾದ ಬಿ-ಕೋಶಗಳನ್ನೇ ಅಳಿಸುವ ರಿಟುಕ್ಸಿಮಾಬ್. ಸುತ್ತುಗಳ ನಡುವೆ ಜೀವಂತ ಲಸಿಕೆ ಹಾಕಿದರೆ ಲಸಿಕೆಯ ದುರ್ಬಲ ವೈರಸ್ಸೇ ತಡೆಯಿಲ್ಲದೆ ಬೆಳೆದು ಶ್ವಾಸಕೋಶ, ಯಕೃತ್ತಿನವರೆಗೆ ಹರಡಬಹುದು. ದಯವಿಟ್ಟು ಆ ಸಾಲನ್ನು ಯಾರೂ ಅನುಸರಿಸಬೇಡಿ.

ಕಿಟಕಿಪಕ್ಕ ಅವರೇ, ನಾನು ಲಸಿಕೆ ವಿಭಾಗದಲ್ಲೇ ದಾದಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ನಿಮ್ಮ ವೈದ್ಯರ ಮಾತೇ ಅಂತಿಮ. ಆದರೆ ನಾಲ್ಕು ದಿನ ನೀವು ಓರಗಿತ್ತಿಯ ಮಾತು ನೆನೆದು ಕಳೆಯಬೇಕಾಗಿಲ್ಲ.

ಮೊದಲು ಯಜಮಾನರ ವಿಷಯ. ಕೀಮೋಗೆ ಮುನ್ನ ಜೀವಂತ ಲಸಿಕೆ ಹಾಕಬೇಕೆಂದರೆ ಕನಿಷ್ಠ ನಾಲ್ಕು ವಾರ ಅಂತರ ಬೇಕು. ಲಸಿಕೆಯ ವೈರಸ್ ಒಳಗೆ ಬೆಳೆದು, ದೇಹ ಅದನ್ನು ಗುರುತಿಸಿ, ಮುಗಿಸಿ ಹಾಕಲು ಅಷ್ಟು ಸಮಯ ಹಿಡಿಯುತ್ತದೆ. ನಿಮ್ಮ ಬಳಿ ಇರುವುದು ಹನ್ನೆರಡು ದಿನ. ವೈರಸ್ ಇನ್ನೂ ಓಡಾಡುತ್ತಿರುವಾಗಲೇ ಕಾವಲುಗಾರರನ್ನು ಮನೆಗೆ ಕಳಿಸಿದಂತಾಗುತ್ತದೆ. ಲಸಿಕೆಗಾಗಿ ಕೀಮೋ ಮುಂದೂಡುವುದೂ ಸಲ್ಲ. ಆದ್ದರಿಂದ ಅವರಿಗೆ ಈಗ ಬೇಡ.

ಜೀವಂತವಲ್ಲದ ಫ್ಲೂ ಚುಚ್ಚುಮದ್ದು ಮತ್ತು ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯ ಬಗ್ಗೆ ಮಾತ್ರ ಇವತ್ತೇ ಫೋನಿನಲ್ಲಿ ಕೇಳಿ. ಅವಕ್ಕೆ ಎರಡು ವಾರ ಮುಂಚೆ ಎನ್ನುವುದು ಆದರ್ಶ. ಎರಡು ದಿನ ಕಡಿಮೆಯಾದರೆ ಅಪಾಯವೇನಿಲ್ಲ, ಫಲ ಸ್ವಲ್ಪ ತಗ್ಗಬಹುದು. ರಿಟುಕ್ಸಿಮಾಬ್ ಒಮ್ಮೆ ಹೋದ ಮೇಲಂತೂ ತಿಂಗಳುಗಟ್ಟಲೆ ಯಾವ ಲಸಿಕೆ ಕೊಟ್ಟರೂ ದೇಹ ಸರಿಯಾಗಿ ಕಲಿಯುವುದಿಲ್ಲ. ಅದಕ್ಕೇ ಈ ಅವಸರ.

ಇನ್ನು ಮಕ್ಕಳು. ಆ ಎರಡೂ ಚುಚ್ಚುಮದ್ದನ್ನು ಹಾಕಿಸಬಹುದು ಎನ್ನುವುದಕ್ಕಿಂತ ಹಾಕಿಸಲೇಬೇಕು. ವಿವರ ಮಧ್ಯಾಹ್ನ ಬರೆಯುತ್ತೇನೆ.

ಹಳೆಯ ಸೈಕಲ್ · ಬೆಳಿಗ್ಗೆ 10.15

ಎರಡು ವರ್ಷದಿಂದ ದಮ್ಮಿಗೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುತ್ತಿದ್ದೇನೆ. ಇದನ್ನು ಓದಿ ಗಾಬರಿಯಾಯಿತು. ಹಾಗಾದರೆ ಕಳೆದ ತಿಂಗಳು ತೋಳಿಗೆ ಹಾಕಿಸಿಕೊಂಡ ಫ್ಲೂ ಚುಚ್ಚುಮದ್ದು ತಪ್ಪಾಯಿತೇ? ನನ್ನಿಂದ ಮೊಮ್ಮಕ್ಕಳಿಗೆ ಹತ್ತುತ್ತದೆಯೇ?

ತಂಪುಪೆಟ್ಟಿಗೆ · ಬೆಳಿಗ್ಗೆ 10.40

ಹಿರಿಯರೇ, ನಿಶ್ಚಿಂತೆಯಿಂದಿರಿ. ತೋಳಿಗೆ ಹಾಕುವ ಫ್ಲೂ ಲಸಿಕೆಯಲ್ಲಿ ಜೀವ ಇಲ್ಲ, ಯಾರಿಗೂ ಹತ್ತುವುದಿಲ್ಲ. ಎಳೆದುಕೊಳ್ಳುವ, ಚರ್ಮಕ್ಕೆ ಹಚ್ಚುವ, ಕೀಲಿಗೆ ಚುಚ್ಚುವ ಸ್ಟೀರಾಯ್ಡ್ ಆ 20 ಮಿಲಿಗ್ರಾಂ ಲೆಕ್ಕಕ್ಕೆ ಬರುವುದೂ ಇಲ್ಲ.

ಎರಡು ಜಡೆ · ಬೆಳಿಗ್ಗೆ 11.25

ಇದು ನನ್ನ ಮನೆಯ ಕಥೆ, ಸ್ಟೀರಾಯ್ಡ್‌ನವರಿಗೆ ಉಪಯೋಗವಾಗಬಹುದು.

ನನ್ನ ಮಗಳಿಗೆ ನಾಲ್ಕನೇ ವಯಸ್ಸಿನಲ್ಲಿ ನೆಫ್ರೋಟಿಕ್ ಸಿಂಡ್ರೋಮ್ ಬಂತು. ಮೂತ್ರದಲ್ಲಿ ಪ್ರೋಟೀನ್ ಸೋರಿ ಮುಖ, ಕಾಲು ಊದಿಕೊಂಡಿತ್ತು. ಆಗ ತೂಕ 14 ಕಿಲೋ. ಕಿಲೋಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ 28 ಮಿಲಿಗ್ರಾಂ ಪ್ರೆಡ್ನಿಸೋಲೋನ್, ಆರು ವಾರ. ಆಮೇಲೆ ದಿನ ಬಿಟ್ಟು ದಿನ 21 ಮಿಲಿಗ್ರಾಂ. ನಾಲ್ಕನೇ ವಾರದಲ್ಲಿ ಬಾಕಿ ಇದ್ದ ಲಸಿಕೆಗೆ ಕರೆದುಕೊಂಡು ಹೋದೆ. ಅಲ್ಲಿ ಕೇಳಿದ ಪ್ರಶ್ನೆ ಒಂದೇ, "ಜ್ವರ ಇದೆಯೇ?" ಇಲ್ಲ ಎಂದೆ. ಔಷಧಿ ಏನಾದರೂ ಕುಡಿಯುತ್ತಿದ್ದಾಳೆಯೇ ಎಂದು ಅವರು ಕೇಳಲಿಲ್ಲ, ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ನಾನು ಅದನ್ನು ಕಿಡ್ನಿಯ ಸಿರಪ್ ಎಂದೇ ತಿಳಿದಿದ್ದೆ. ದಡಾರದ್ದು ಹಾಕಿಬಿಟ್ಟರು.

ಸಂಜೆ ಕಿಡ್ನಿ ವೈದ್ಯರಿಗೆ ಫೋನ್ ಮಾಡಿದಾಗ ಅವರು ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ ಹೇಳಿದರು: ಸ್ಟೀರಾಯ್ಡ್ ತಟಕ್ಕನೆ ನಿಲ್ಲಿಸಬೇಡಿ, ಅದು ಇನ್ನೂ ಕೆಟ್ಟದ್ದು. ದಿನಾ ಜ್ವರ ನೋಡಿ, ದದ್ದು, ಕೆಮ್ಮು, ವೇಗದ ಉಸಿರು, ಮಂಪರು ಯಾವುದು ಕಂಡರೂ ರಾತ್ರಿ ಎರಡು ಗಂಟೆಯಾದರೂ ಬನ್ನಿ. ದೇವರ ದಯೆ, ಏನೂ ಆಗಲಿಲ್ಲ. ಆದರೆ ಆ ಡೋಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಸ್ಟೀರಾಯ್ಡ್ ತಗ್ಗಿದ ಮೇಲೆ ಮತ್ತೆ ಹಾಕಿದರು.

ಅವರ ಆಸ್ಪತ್ರೆಯ ಗೆರೆ ಹೀಗಿತ್ತು: ದಿನವೂ ಕೊಡುವುದಾದರೆ ಕಿಲೋಗೆ ಒಂದು ಮಿಲಿಗ್ರಾಂಗಿಂತ ಕೆಳಗೆ, ದಿನ ಬಿಟ್ಟು ದಿನವಾದರೆ ಎರಡಕ್ಕಿಂತ ಕೆಳಗೆ ಇಳಿದ ಮೇಲೆ ಜೀವಂತ ಲಸಿಕೆ. ತೊಂದರೆ ಏನೆಂದರೆ ಈ ಕಾಯಿಲೆ ಮರುಕಳಿಸುತ್ತಲೇ ಇರುತ್ತದೆ. ಚಿಕನ್‌ಪಾಕ್ಸ್ ಲಸಿಕೆಗೆ ಎರಡು ಸಲ ದಿನ ಗೊತ್ತು ಮಾಡಿದಾಗಲೂ ಅದರ ಹಿಂದಿನ ವಾರವೇ ಮತ್ತೆ ಊತ, ಮತ್ತೆ ಪೂರ್ತಿ ಡೋಸ್. ಕಿಟಕಿ ತೆರೆದಿದೆ ಎನಿಸಿದಾಗಲೇ ನುಗ್ಗಬೇಕು.

ಲೆಕ್ಕಿಗ · ಬೆಳಿಗ್ಗೆ 11.50

ಕ್ಷಮಿಸಿ, ನನ್ನ ಬರಹದಿಂದ ಯಾರಿಗಾದರೂ ಹಾನಿಯಾಗುತ್ತಿತ್ತು. ಅಳಿಸಲೇ?

ಎರಡು ಜಡೆ · ಬೆಳಿಗ್ಗೆ 11.58

ಬೇಡ, ಇರಲಿ. ಅದರ ಕೆಳಗೇ ಉತ್ತರವೂ ಇದೆ. ಇದೇ ಪ್ರಶ್ನೆ ಹುಡುಕಿಕೊಂಡು ಬರುವವರು ಎರಡನ್ನೂ ಓದಲಿ.

ತಂಪುಪೆಟ್ಟಿಗೆ · ಮಧ್ಯಾಹ್ನ 2.20

ಮಕ್ಕಳ ಲೆಕ್ಕಕ್ಕೆ ಬರುತ್ತೇನೆ. ಓರಗಿತ್ತಿಯವರ ಮಾತಿನಲ್ಲಿ ಒಂದೆಳೆ ಸತ್ಯ ಇದೆ, ಆದರೆ ಅದು ಎಲ್ಲ ಲಸಿಕೆಗೂ ಸಲ್ಲುವುದಿಲ್ಲ. ಲಸಿಕೆ ಜೀವಂತವೇ ಎನ್ನುವುದಷ್ಟೇ ಪ್ರಶ್ನೆಯಲ್ಲ. ಆ ವೈರಸ್ ಮಗುವಿನಿಂದ ಹೊರಗೆ ಬರುತ್ತದೆಯೇ, ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಿಕೊಳ್ಳಬೇಕು.

ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮಗುವಿನಿಂದ ಮನೆಯವರಿಗೆ ಹರಡುವುದಿಲ್ಲ. ಏಳರಿಂದ ಹನ್ನೆರಡನೇ ದಿನದ ನಡುವೆ ಜ್ವರ, ಮೈಮೇಲೆ ಚಪ್ಪಟೆಯಾದ ಕೆಂಪು ದದ್ದು ಬರಬಹುದು. ಹೆದರಿಸುತ್ತದೆ, ಹತ್ತುವುದಿಲ್ಲ.

ಚಿಕನ್‌ಪಾಕ್ಸ್‌ನದು ಸ್ವಲ್ಪ ಬೇರೆ. 1974ರಲ್ಲಿ ಜಪಾನಿನ ಮಿಚಿಯಾಕಿ ತಕಹಾಶಿ ಈ ಲಸಿಕೆಯನ್ನು ಸಿದ್ಧಪಡಿಸಿದ ಮೇಲೆ ಅದನ್ನು ಪ್ರಯೋಗಿಸಿದ ಆರಂಭದ ಗುಂಪುಗಳಲ್ಲಿ ರಕ್ತ ಕ್ಯಾನ್ಸರ್‌ನಿಂದ ಚೇತರಿಸಿಕೊಳ್ಳುತ್ತಿದ್ದ ಮಕ್ಕಳೂ ಇದ್ದರು. ಕೀಮೋವನ್ನು ಕೆಲವು ದಿನ ತಡೆಹಿಡಿದು ಕೊಟ್ಟರು. ಆ ಮಕ್ಕಳಲ್ಲಿ ಅನೇಕರಿಗೆ ದದ್ದು ಎದ್ದಿತು. ದದ್ದು ಎದ್ದವರಿಂದ ಕೆಲವು ಒಡಹುಟ್ಟಿದವರಿಗೆ ಲಸಿಕೆಯ ವೈರಸ್ ಹತ್ತಿದ್ದೂ ಉಂಟು. ನಮಗೆ ಬೇಕಾದ ಪಾಠ ಇರುವುದು ಅಲ್ಲೇ: ಆ ವೈರಸ್ ಹೊರಗೆ ಬರುವ ಬಾಗಿಲು ದದ್ದು. ನೀರು ತುಂಬಿದ ಗುಳ್ಳೆ ಇಲ್ಲದಿದ್ದರೆ ಹರಡುವ ಭಯ ಇಲ್ಲವೆನ್ನುವಷ್ಟು ಕಡಿಮೆ. ಆರೋಗ್ಯವಂತ ಮಕ್ಕಳಲ್ಲಿ ಮೈಮೇಲೆ ಅಂಥ ಗುಳ್ಳೆ ಏಳುವುದು ನೂರರಲ್ಲಿ ಮೂರು-ನಾಲ್ಕು ಮಂದಿಗೆ, ಅದೂ ಬೆರಳೆಣಿಕೆಯಷ್ಟು ಗುಳ್ಳೆ.

ಈಗ ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿ. ಮಗುವಿಗೆ ಲಸಿಕೆ ಹಾಕಿಸದೆ ನಿಜವಾದ ಚಿಕನ್‌ಪಾಕ್ಸ್ ಮನೆಗೆ ಬಂದರೆ, ಒಂದೇ ಮನೆಯಲ್ಲಿರುವ ನಿರೋಧಕ ಶಕ್ತಿ ಇಲ್ಲದ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಹತ್ತುತ್ತದೆ. ದದ್ದು ಏಳುವ ಒಂದೆರಡು ದಿನ ಮೊದಲೇ ಹರಡಲು ತೊಡಗುವುದರಿಂದ ಅಪ್ಪನನ್ನು ದೂರ ಇಡುವಷ್ಟರಲ್ಲಿ ಕಾಲ ಮೀರಿರುತ್ತದೆ. ಕೀಮೋ ನಡುವೆ ಆ ಕಾಯಿಲೆ ಬಂದರೆ ಜೀವಕ್ಕೇ ಕುತ್ತು. ಹಾಗಾಗಿ ಲಸಿಕೆ ಹಾಕಿಸಿಕೊಂಡ ಮಕ್ಕಳೇ ನಿಮ್ಮ ಯಜಮಾನರ ಕೋಟೆ.

ನಿಮ್ಮ ದಿನಾಂಕಗಳನ್ನೇ ಹಾಕಿ ನೋಡೋಣ. ಚಿಕ್ಕವನಿಗೆ ಜೂನ್ 1ಕ್ಕೆ ಎರಡನ್ನೂ ಒಂದೇ ದಿನ, ಬೇರೆ ಬೇರೆ ಜಾಗಕ್ಕೆ ಹಾಕಿಸಿ. ಇವತ್ತೊಂದು, ಮುಂದಿನ ವಾರ ಒಂದು ಎಂದು ಮಾಡಬೇಡಿ. ಒಂದೇ ದಿನ ಆಗದಿದ್ದರೆ ನಡುವೆ 28 ದಿನ ಬಿಡಬೇಕಾಗುತ್ತದೆ. ದಡಾರದ ದದ್ದು ಬರುವುದಾದರೆ ಜೂನ್ 8ರಿಂದ 13ರ ಸುಮಾರಿಗೆ. ಚಿಕನ್‌ಪಾಕ್ಸ್‌ನ ಗುಳ್ಳೆ ಬರುವುದಾದರೆ ಹೆಚ್ಚಾಗಿ ಜೂನ್ 6ರಿಂದ 27ರ ಒಳಗೆ. ಯಜಮಾನರ ರಕ್ತಕಣಗಳು ಅತಿ ಕೆಳಗಿಳಿಯುವುದು ಮೊದಲ ಸುತ್ತಿನ ಹತ್ತರಿಂದ ಹದಿನಾಲ್ಕನೇ ದಿನ, ಅಂದರೆ ಜೂನ್ 21ರಿಂದ 25. ಎರಡೂ ಒಂದರ ಮೇಲೊಂದು ಬೀಳುತ್ತವೆ, ನಿಜ. ಆದರೂ ಮುಂದೂಡುವುದಕ್ಕಿಂತ ಇದೇ ಮೇಲು, ಮುಂದೂಡಿದರೆ ಯಾವುದೋ ಒಂದು ಸುತ್ತಿನ ಮೇಲೆ ಬಿದ್ದೇ ಬೀಳುತ್ತದೆ.

ಪ್ರತಿದಿನ ಸ್ನಾನ ಮಾಡಿಸುವಾಗ ಮೈ ನೋಡಿ, ಆರು ವಾರ, ಅಂದರೆ ಜುಲೈ 13ರವರೆಗೆ. ಚಪ್ಪಟೆ ಕೆಂಪು ದದ್ದಾದರೆ ದಡಾರದ್ದು, ವೈದ್ಯರಿಗೆ ಫೋಟೊ ಕಳಿಸಿ ಖಚಿತಪಡಿಸಿಕೊಳ್ಳಿ. ಉಬ್ಬಿ ತುದಿಯಲ್ಲಿ ನೀರು ತುಂಬಿದ್ದರೆ, ಒಂದೇ ಆಗಿರಲಿ, ಚುಚ್ಚಿದ ಜಾಗದಲ್ಲೇ ಆಗಿರಲಿ, ಬಟ್ಟೆಯಿಂದ ಮುಚ್ಚಿ, ಅಪ್ಪ-ಮಗ ಬೇರೆ ಕೋಣೆಯಲ್ಲಿರಲಿ, ಎಲ್ಲ ಗುಳ್ಳೆ ಒಣಗಿ ಹೊಸದು ಏಳದಿರುವವರೆಗೆ. ಕ್ಯಾನ್ಸರ್ ವೈದ್ಯರಿಗೆ ಅದೇ ದಿನ ಹೇಳಿ. ಗುಳ್ಳೆ ಇಲ್ಲದಿದ್ದರೆ ಅಪ್ಪ ಮಗನನ್ನು ಎತ್ತಿಕೊಂಡು ಆಡಿಸಲಿ. ಕೀಮೋ ಮಾಡಿಸಿಕೊಳ್ಳುವವನಿಗೆ ಅದೂ ಬೇಕು.

ದೊಡ್ಡವಳಿಗೂ ಎರಡನೇ ಡೋಸ್ ಹಾಕಿಸಿ. ಆದರೆ ಪೋಲಿಯೊ ಹನಿ ಬೇಡ. ಓರಗಿತ್ತಿಯವರ ಸತ್ಯ ಇರುವುದು ಇಲ್ಲಿ. ಬಾಯಿಗೆ ಹಾಕುವ ಹನಿಯ ವೈರಸ್ ಕರುಳಿನಲ್ಲಿ ಬೆಳೆದು ಮಲದಲ್ಲಿ ವಾರಗಟ್ಟಲೆ ಹೊರಬರುತ್ತದೆ. ಶಾಲೆಗೆ ಈಗಲೇ ಚೀಟಿ ಬರೆದು ಕೊಡಿ, ಮನೆಯಲ್ಲಿ ಕೀಮೋ ನಡೆಯುತ್ತಿದೆ, ಹನಿ ಹಾಕಬಾರದು, ಚುಚ್ಚುಮದ್ದಿನ ಪೋಲಿಯೊ ಲಸಿಕೆ ಕೊಡಿಸುತ್ತೇವೆ ಎಂದು. ಹೇಳಿದರಷ್ಟೇ ಸಾಲದು. ಮಕ್ಕಳ ಸಾಲು ನಿಂತಾಗ ಯಾರಿಗೂ ನೆನಪಿರುವುದಿಲ್ಲ, ನಾನೇ ಅಂಥ ಸಾಲುಗಳ ಮುಂದೆ ನಿಂತವಳು. ಒಂದು ವೇಳೆ ಹಾಕಿಬಿಟ್ಟರೆ ನಾಲ್ಕರಿಂದ ಆರು ವಾರ ಅವಳ ಶೌಚ ತೊಳೆಸುವ ಕೆಲಸ ಅಪ್ಪನದಾಗಬಾರದು, ಅವಳ ಎಂಜಲು ತಟ್ಟೆ-ಲೋಟ ಅವರು ಮುಟ್ಟಬಾರದು.

ಮುಂಜಾವು · ಮಧ್ಯಾಹ್ನ 3.05

ನಮ್ಮ ಮನೆಯಲ್ಲಿ ಎಂಟು ವಾರದ ಕೂಸು, ಅಜ್ಜಿಗೆ ಕೀಮೋ. ರೋಟಾವೈರಸ್ ಹನಿಯೂ ಬಾಯಿಗೇ ಹಾಕುವುದಲ್ಲವೇ? ಹಾಗಾದರೆ ಅದೂ ಬೇಡವೇ? ಅಜ್ಜಿಯ ಕೀಮೋ ಮುಗಿದ ಮೇಲೆ ಹಾಕಿಸಿದರಾಯಿತು ಎಂದು ಬಿಟ್ಟಿದ್ದೇವೆ.

ತಂಪುಪೆಟ್ಟಿಗೆ · ಮಧ್ಯಾಹ್ನ 3.30

ಒಳ್ಳೆಯ ಪ್ರಶ್ನೆ, ಎಲ್ಲರೂ ಎಡವುವ ಜಾಗ. ರೋಟಾ ಹನಿಯನ್ನು ಹಾಕಿಸಿ. ಅದೂ ಮಲದಲ್ಲಿ ಹೊರಬರುತ್ತದೆ, ಆದರೆ ಮನೆಗೆ ನಿಜವಾದ ರೋಟಾ ಭೇದಿ ಬರುವುದಕ್ಕೆ ಹೋಲಿಸಿದರೆ ಅಪಾಯ ಕಡಿಮೆ. ಡೋಸ್ ಹಾಕಿದ ಮೇಲೆ ನಾಲ್ಕು ವಾರ ಅಜ್ಜಿ ಕೂಸಿನ ಡೈಪರ್, ಒದ್ದೆ ಬಟ್ಟೆ ಮುಟ್ಟದಿರಲಿ, ಬದಲಾಯಿಸಿದವರು ಸೋಪಿನಿಂದ ಕೈ ತೊಳೆಯಲಿ. ಕಾಯುವಂತೆಯೂ ಇಲ್ಲ. ಮೊದಲ ಡೋಸನ್ನು ಹದಿನೈದು ವಾರ ತುಂಬುವುದರೊಳಗೆ ಶುರುಮಾಡಬೇಕೆಂಬ ನಿಯಮ ಹಲವೆಡೆ ಇದೆ. ಅಜ್ಜಿಯ ಕೀಮೋ ಮುಗಿಯುವಷ್ಟರಲ್ಲಿ ಆ ಗಡಿ ದಾಟಿರುತ್ತದೆ.

ಬೂದು ಛತ್ರಿ · ಸಂಜೆ 5.45

ನಾನು ಇದೇ ಲಿಂಫೋಮಾ, ಇದೇ ಔಷಧಿ ಮುಗಿಸಿ ಬಂದವನು. ತಂಪುಪೆಟ್ಟಿಗೆ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಮೊದಲ ಕೀಮೋಗೆ ಮುಂಚೆ, ಮುಖ್ಯವಾಗಿ ಮೊದಲ ಸಲ ರಕ್ತ ಏರಿಸುವುದಕ್ಕೆ ಮುಂಚೆ, ಚಿಕನ್‌ಪಾಕ್ಸ್ ಮತ್ತು ದಡಾರದ ಪ್ರತಿಕಾಯ ಪರೀಕ್ಷೆ ಮಾಡಿಸಿಬಿಡಿ. ನಾನು ಮಾಡಿಸಿದ್ದು ಆಮೇಲೆ. ವರದಿಯಲ್ಲಿ ಪ್ರತಿಕಾಯ ಇದೆ ಎಂದು ಬಂತು, ಸದ್ಯ ಬಾಲ್ಯದಲ್ಲೇ ಬಂದು ಹೋಗಿದೆ ಎಂದು ಹಿಗ್ಗಿದೆ. ವೈದ್ಯರು ನಕ್ಕರು. ಎರಡು ವಾರದ ಹಿಂದೆ ನನಗೆ ಇಮ್ಯುನೊಗ್ಲಾಬ್ಯುಲಿನ್ ಏರಿಸಿದ್ದರು, ವರದಿ ತೋರಿಸಿದ್ದು ಯಾರೋ ದಾನಿಗಳ ಪ್ರತಿಕಾಯವನ್ನು. ನನ್ನದು ಎಷ್ಟಿತ್ತು ಎಂದು ಇವತ್ತಿಗೂ ಗೊತ್ತಿಲ್ಲ.

ಇದೇ ಕಾರಣಕ್ಕೆ ಕೀಮೋ ಮುಗಿದ ಮೇಲೆ ಜೀವಂತ ಲಸಿಕೆಗೆ ಕಾಯುವ ಲೆಕ್ಕವೂ ಉದ್ದವಾಗುತ್ತದೆ. ದಾನಿಗಳ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನು ಬೆಳೆಯುವ ಮೊದಲೇ ಹಿಡಿದು ಹಾಕಿಬಿಡುತ್ತವೆ. ಚುಚ್ಚಿಸಿಕೊಂಡದ್ದು ವ್ಯರ್ಥ.

ಲೆಕ್ಕಿಗ · ಸಂಜೆ 6.20

ಬೆಳಗಿನ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಲೆಕ್ಕ ಮಾಡಿಕೊಡುತ್ತೇನೆ, ತಪ್ಪಿದ್ದರೆ ಅಕ್ಕ ತಿದ್ದಲಿ. ಜೂನ್ 12ರಿಂದ 21 ದಿನಕ್ಕೊಮ್ಮೆ ಆರು ಸುತ್ತು ಎಂದರೆ ಕೊನೆಯದು ಸೆಪ್ಟೆಂಬರ್ 25. ಕೀಮೋ ನಂತರ ಮೂರು ತಿಂಗಳು ಎಂದರೆ ಡಿಸೆಂಬರ್ 25. ರಿಟುಕ್ಸಿಮಾಬ್‌ಗೆ ಆರು ತಿಂಗಳು ಎಂದು ಎಲ್ಲೋ ಓದಿದೆ, ಅದಾದರೆ ಮಾರ್ಚ್ 25. ರಕ್ತ ಏರಿಸಿದ್ದರೆ ಎಷ್ಟು ಸೇರಿಸಬೇಕು?

ತಂಪುಪೆಟ್ಟಿಗೆ · ಸಂಜೆ 7.00

ಈಗ ಸರಿಯಾಯಿತು. ಸೇರಿಸುವುದಲ್ಲ, ಪ್ರತಿಯೊಂದಕ್ಕೂ ಬೇರೆ ಗಡಿಯಾರ ಇಟ್ಟು, ಕೊನೆಗೆ ನಿಲ್ಲುವುದನ್ನು ಹಿಡಿಯಬೇಕು. ಪ್ಲೇಟ್‌ಲೆಟ್ ಅಥವಾ ಪ್ಲಾಸ್ಮಾ ಏರಿಸಿದ್ದರೆ ಏಳು ತಿಂಗಳು. ಕೆಂಪು ರಕ್ತಕಣಗಳಾದರೆ ಚೀಲದ ಬಗೆಯ ಮೇಲೆ ಮೂರರಿಂದ ಆರು. ಇಮ್ಯುನೊಗ್ಲಾಬ್ಯುಲಿನ್ ಆದರೆ ಪ್ರಮಾಣ ನೋಡಿ ಎಂಟರಿಂದ ಹನ್ನೊಂದು. ಸೆಪ್ಟೆಂಬರ್ 10ಕ್ಕೆ ಒಮ್ಮೆ ಪ್ಲೇಟ್‌ಲೆಟ್ ಏರಿಸಿದರು ಎಂದುಕೊಳ್ಳಿ, ಆ ಗಡಿಯಾರ ನಿಲ್ಲುವುದು ಏಪ್ರಿಲ್ 10ಕ್ಕೆ. ಆಗ ಮಾರ್ಚ್ 25 ಅಲ್ಲ, ಏಪ್ರಿಲ್ 10. ಆದ್ದರಿಂದ ಏರಿಸಿದ ಪ್ರತಿ ಚೀಲದ ದಿನಾಂಕ, ಏನು ಏರಿಸಿದರು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಡಿಸ್ಚಾರ್ಜ್ ಕಾಗದದಲ್ಲಿ ಅದು ಎಷ್ಟೋ ಸಲ ಬಿಟ್ಟುಹೋಗಿರುತ್ತದೆ.

ದಿನಾಂಕ ಬಂದ ಮಾತ್ರಕ್ಕೆ ಹಾಕುವುದೂ ಇಲ್ಲ. ಕಾಯಿಲೆ ಹಿಡಿತದಲ್ಲಿರಬೇಕು, ರಕ್ತಕಣಗಳು ಚೇತರಿಸಿಕೊಂಡಿರಬೇಕು.

ಬೂದು ಛತ್ರಿ · ಸಂಜೆ 7.25

ಆರು ತಿಂಗಳ ಬಗ್ಗೆ ನನ್ನ ತಕರಾರಿದೆ. ನನ್ನ ವೈದ್ಯರು ರಿಟುಕ್ಸಿಮಾಬ್ ನಂತರ ಪೂರ್ತಿ ಒಂದು ವರ್ಷ ಎಂದರು. ಆರು ತಿಂಗಳಿಗೆ ಬಿ-ಕೋಶಗಳು ಮರಳಿರುತ್ತವೆ ಎಂಬ ಖಾತರಿ ಏನು?

ತಂಪುಪೆಟ್ಟಿಗೆ · ಸಂಜೆ 7.50

ಖಾತರಿ ಇಲ್ಲ. ಕೆಲವು ಕೈಪಿಡಿಗಳು ಕನಿಷ್ಠ ಆರು ಎನ್ನುತ್ತವೆ, ಕೆಲವು ಹನ್ನೆರಡು. "ಕನಿಷ್ಠ" ಎಂಬ ಪದವನ್ನು ಜನ ಓದುವುದೇ ಇಲ್ಲ. ಬಿ-ಕೋಶಗಳ ಎಣಿಕೆ ನೋಡಿ ನಿರ್ಧರಿಸುವ ವೈದ್ಯರನ್ನೂ ಕಂಡಿದ್ದೇನೆ. ನಿಮ್ಮವರು ಒಂದು ವರ್ಷ ಎಂದಿದ್ದರೆ ನಾನು ವಾದಿಸುವುದಿಲ್ಲ. ಮನೆಯ ಮಕ್ಕಳಿಗೆ ಲಸಿಕೆ ಆಗಿದ್ದರೆ ಆ ಆರು ತಿಂಗಳ ಕಾಯುವಿಕೆ ಅಷ್ಟು ಭಾರವೂ ಅಲ್ಲ.

ಕಿಟಕಿಪಕ್ಕ · ಜೂನ್ 5, ರಾತ್ರಿ 9.15

ಎಲ್ಲರಿಗೂ ನಮಸ್ಕಾರ. ಜೂನ್ 1ಕ್ಕೆ ಚಿಕ್ಕವನಿಗೆ ಎರಡೂ ಹಾಕಿಸಿದೆ, ದೊಡ್ಡವಳಿಗೂ ಆಯಿತು. ಶಾಲೆಗೆ ಚೀಟಿ ಕೊಟ್ಟು, ಹನಿ ಹಾಕುವ ದಿನ ಅವಳನ್ನು ಮನೆಯಲ್ಲೇ ಇರಿಸಿಕೊಂಡೆ. ಇವರಿಗೆ ಫ್ಲೂ ಮತ್ತು ನ್ಯುಮೋಕಾಕಲ್ ಚುಚ್ಚುಮದ್ದು ಆಯಿತು.

ನಿನ್ನೆ ವೈದ್ಯರನ್ನು ಕಂಡೆವು. ಮಕ್ಕಳ ವಿಷಯದಲ್ಲಿ ಅಕ್ಕ ಹೇಳಿದ್ದನ್ನೇ ಹೇಳಿದರು. ಪ್ರತಿಕಾಯ ಪರೀಕ್ಷೆ ಕೇಳಿದ್ದಕ್ಕೆ, ಒಳ್ಳೆಯದು ನೆನಪಿಸಿದಿರಿ ಎಂದು ರಕ್ತ ತೆಗೆಸಿದರು. ಇವತ್ತು ವರದಿ ಬಂತು. ದಡಾರಕ್ಕೆ ಪ್ರತಿಕಾಯ ಇದೆ. ಚಿಕನ್‌ಪಾಕ್ಸ್‌ಗೆ ಇಲ್ಲ. ಕೈ ತಣ್ಣಗಾಯಿತು.

ತಂಪುಪೆಟ್ಟಿಗೆ · ರಾತ್ರಿ 9.40

ಗೊತ್ತಾದದ್ದೇ ಒಳ್ಳೆಯದಾಯಿತು. ಈಗ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಚಿಕನ್‌ಪಾಕ್ಸ್ ಅಥವಾ ಸರ್ಪಸುತ್ತು ಇರುವವರೊಡನೆ ಇವರು ಒಂದೇ ಕೋಣೆಯಲ್ಲಿ ಇದ್ದರು ಎಂದು ತಿಳಿದ ಗಳಿಗೆಯಲ್ಲೇ ಆಸ್ಪತ್ರೆಗೆ ಫೋನ್. ಗುಳ್ಳೆ ಬರಲಿ ನೋಡೋಣ ಎಂದು ಕಾಯಬಾರದು. ಚಿಕನ್‌ಪಾಕ್ಸ್‌ಗೆಂದೇ ಇರುವ ಇಮ್ಯುನೊಗ್ಲಾಬ್ಯುಲಿನ್ ಅನ್ನು ಹತ್ತು ದಿನದೊಳಗೆ ಕೊಡಬಹುದು, ಬೇಗ ಕೊಟ್ಟಷ್ಟೂ ಮೇಲು. ಅದು ಸಿಗದಿದ್ದರೆ ಏಸೈಕ್ಲೋವಿರ್ ಮಾತ್ರೆಯ ದಾರಿ ಇದೆ. ಆ ಇಮ್ಯುನೊಗ್ಲಾಬ್ಯುಲಿನ್ ನಿಮ್ಮ ಆಸ್ಪತ್ರೆಯಲ್ಲಿ ಸಿಗುತ್ತದೆಯೇ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬೆರಡನ್ನು ಜೂನ್ 12ರೊಳಗೆ ಕೇಳಿ ಬರೆದುಕೊಳ್ಳಿ.

ನಿಮಗೆ ಬಂದು ಹೋಗಿದೆಯೇ?

ಕಿಟಕಿಪಕ್ಕ · ರಾತ್ರಿ 9.52

ನನಗೆ ಆರನೇ ತರಗತಿಯಲ್ಲಿ ಬಂದಿತ್ತು, ಹಣೆಯ ಮೇಲೆ ಕಲೆ ಇನ್ನೂ ಇದೆ. ಆದರೆ ಮನೆಗೆಲಸಕ್ಕೆ ಬರುವ ಹುಡುಗಿಯನ್ನು ಕೇಳಿಯೇ ಇಲ್ಲ. ನಾಳೆ ಬೆಳಿಗ್ಗೆ ಬಂದ ಕೂಡಲೇ ಕೇಳುತ್ತೇನೆ.

ಎರಡು ಜಡೆ · ರಾತ್ರಿ 10.05

ಅವಳ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ ಎಂದೂ ಕೇಳಿ.